ಮೂರು ಗ್ರಾಂ ಪುಡಿ, ಆರುನೂರು ಗ್ರಾಂ ತೂಕ

ಹಾಸನದಿಂದ ಅರಸೀಕೆರೆ ಕಡೆ ಹೋಗುವಾಗ ಒಂದು ಗುಡ್ಡದ ಬುಡದಲ್ಲಿ ನಾವು ನಾಲ್ಕೈದು ಜನ ಭಾನುವಾರ ಹತ್ತುವ ಬಂಡೆಗಳಿವೆ. ಅದರಲ್ಲಿ ಒಂದು ಎರಡಾಳೆತ್ತರದ ಗುಂಡು. ಕೆಳಗೆ ಕ್ರ್ಯಾಶ್ ಪ್ಯಾಡ್ ಹಾಸಿಕೊಂಡು ಹಗ್ಗ ಇಲ್ಲದೆ ಹತ್ತುತ್ತೇವೆ. ಬೋಲ್ಡರಿಂಗ್ ಅನ್ನುವುದು ಇದಕ್ಕೇ. ಆ ಗುಂಡಿನಲ್ಲಿ ಏಳು ಹಿಡಿತ. ಐದನೆಯದು ಬೆರಳಿನ ಮೊದಲ ಗೆಣ್ಣು ಮಾತ್ರ ಕೂರುವಂಥ ಅಂಚು. ಅಲ್ಲಿಂದ ಬಲಗೈ ಬಿಟ್ಟು ಮೇಲೆ ಹಾರಿಸಿ ಆರನೆಯದನ್ನು ಹಿಡಿಯಬೇಕು.

ಎರಡು ಚಳಿಗಾಲ ನಾನು ಅಲ್ಲೇ ಬೀಳುತ್ತಿದ್ದೆ. ಬೀಳುವ ರೀತಿ ಮಾತ್ರ ಯಾವಾಗಲೂ ಒಂದೇ. ಮೊದಲ ಪ್ರಯತ್ನದಲ್ಲಿ ಕೈ ಆರನೆಯ ಹಿಡಿತವನ್ನು ಮುಟ್ಟುತ್ತಿತ್ತು. ಎರಡನೆಯದರಲ್ಲೂ ಮುಟ್ಟುತ್ತಿತ್ತು. ಎಲ್ಲಿ ಕಾಲಿಡಬೇಕು, ಸೊಂಟ ಎಷ್ಟು ತಿರುಗಿಸಬೇಕು ಅನ್ನುವುದು ಗೊತ್ತಾಗುವ ಹೊತ್ತಿಗೆ ಮೂರನೆಯ ಪ್ರಯತ್ನ ಬರುತ್ತಿತ್ತು. ಆಗ ಬೆರಳುಗಳು ಐದನೆಯ ಅಂಚಿನಲ್ಲೇ ಬಿಚ್ಚಿಕೊಳ್ಳುತ್ತಿದ್ದವು. ಶಕ್ತಿ ಇಲ್ಲ ಅಂತಲ್ಲ, ಇತ್ತು. ಆದರೆ ಒಂದು ಬೆಳಿಗ್ಗೆಗೆ ಎರಡು ಸಲಕ್ಕೆ ಮಾತ್ರ ಸಾಲುವಷ್ಟಿತ್ತು.

ಸ್ನಾಯುವಿಗೆ ಬಲ ಬರಲಿ ಅಂತ ಜಿಮ್‌ಗೆ ಹೋಗುವವರು ಕಲಸಿ ಕುಡಿಯುವ ಕ್ರಿಯೇಟಿನ್ ಅನ್ನುವ ಪುಡಿಯ ಬಗ್ಗೆ ಆಗಲೇ ಕೇಳಿದ್ದೆ. ಆದರೆ ಹತ್ತುವವರಲ್ಲಿ ಒಂದು ಮಾತಿದೆ: ಅದು ಜಿಮ್‌ನವರಿಗೆ, ನಮಗಲ್ಲ, ತೂಕ ಹೆಚ್ಚುತ್ತೆ ಅಂತ. ನಾನೂ ಅದನ್ನೇ ನಂಬಿದ್ದೆ. ಆ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿದ್ದು ನನ್ನ ಚಿಕ್ಕಪ್ಪನ ಮಗ.

ಅವನಿಗೆ ಇಪ್ಪತ್ತೊಂದು ವರ್ಷ. ಚಿಕ್ಕವನಿದ್ದಾಗಿನಿಂದ ಜಿಮ್ನಾಸ್ಟಿಕ್ಸ್ ಮಾಡುತ್ತಾನೆ, ಮೇಲಿನಿಂದ ಇಳಿಬಿಟ್ಟ ಎರಡು ಬಳೆ ಹಿಡಿದು ಮಾಡುವ ರಿಂಗ್ಸ್ ಅವನಿಗೆ ಜೀವ. ಎರಡು ಕೈಗಳನ್ನು ಪಕ್ಕಕ್ಕೆ ನೇರ ಚಾಚಿ, ಮೈಯನ್ನು ಶಿಲುಬೆಯ ಹಾಗೆ ನಿಲ್ಲಿಸುವ ಕ್ರಾಸ್ ಅವನು ಮಾಡುತ್ತಿದ್ದ. ಸ್ಪರ್ಧೆಯಲ್ಲಿ ಅದನ್ನು ಎರಡು ಸೆಕೆಂಡ್ ಅಲುಗಾಡದೆ ಹಿಡಿಯಬೇಕು. ಅಭ್ಯಾಸದಲ್ಲಿ ಅವನು ಮೂರು ಸೆಕೆಂಡ್ ಹಿಡಿಯುತ್ತಿದ್ದ. ಒಂದು ಸ್ಪರ್ಧೆಗೆ ಎಂಟು ದಿನ ಇದ್ದಾಗ ಯಾರೋ ಹೇಳಿದರು ಅಂತ ಕ್ರಿಯೇಟಿನ್ ಶುರು ಮಾಡಿದ. ದಿನಕ್ಕೆ ಇಪ್ಪತ್ತು ಗ್ರಾಂ, ನಾಲ್ಕು ಸಲ ಹಂಚಿ, ಐದು ದಿನ. ಇದಕ್ಕೆ ಲೋಡಿಂಗ್ ಅಂತಾರೆ. ಡಬ್ಬದ ಮೇಲೂ ಹಾಗೇ ಬರೆದಿತ್ತು.

ಆರನೆಯ ದಿನ ನನಗೆ ಫೋನ್ ಮಾಡಿದ. "ಅಕ್ಕಾ, ಮೈ ಭಾರ ಆಗಿದೆ ಕಣೇ. ಕ್ರಾಸ್‌ಗೆ ಇಳಿದ್ರೆ ಒಂದು ಸೆಕೆಂಡಿಗೇ ಭುಜ ನಡುಗ್ತಾ ಇದೆ" ಅಂದ. ಅರವತ್ತೊಂದು ಕೆಜಿ ಇದ್ದವನು ಅರವತ್ತೆರಡೂ ಮುಕ್ಕಾಲು ಹತ್ತಿರ ಆಗಿದ್ದ. ಹೊಟ್ಟೆಯೂ ಕೆಟ್ಟಿತ್ತು. ತಕ್ಷಣ ನಿಲ್ಲಿಸಿದ. ಕ್ರಿಯೇಟಿನ್ ಜೊತೆ ಮೈಗೆ ಸೇರಿದ ನೀರೆಲ್ಲ ಎರಡು ದಿನದಲ್ಲಿ ಇಳಿದುಹೋಗುತ್ತೆ ಅಂದುಕೊಂಡ. ಇಳಿಯಲಿಲ್ಲ. ಸ್ಪರ್ಧೆಯಲ್ಲಿ ಕ್ರಾಸ್ ಎಣಿಕೆಗೇ ಬರಲಿಲ್ಲ.

ಅವನಿಗಾದ ನೋವು ನೋಡಿ ನಾನು ಈ ವಿಷಯವನ್ನು ಸರಿಯಾಗಿ ಓದಲು ಕೂತೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಹಾಗಾಗಿ ಓದುವುದು ಕಷ್ಟ ಆಗಲಿಲ್ಲ. ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಅವನು ತಿಂದ ವಸ್ತು ಕೆಟ್ಟದ್ದಲ್ಲ. ತಿಂದ ಹೊತ್ತು ಮತ್ತು ತಿಂದ ಪ್ರಮಾಣ ಎರಡೂ ಅವನ ಕೆಲಸಕ್ಕೆ ಹೊಂದುವಂಥದ್ದಾಗಿರಲಿಲ್ಲ.

ನಮ್ಮ ಸ್ನಾಯು ಜೋರಾಗಿ ಬಿಗಿಯುವಾಗ ಎಟಿಪಿ ಅನ್ನುವ ಇಂಧನ ಖರ್ಚಾಗುತ್ತದೆ. ಅದರ ಸಂಗ್ರಹ ಕೆಲವೇ ಸೆಕೆಂಡಿನದ್ದು. ಖಾಲಿಯಾಗುವ ಮೊದಲೇ ಅದನ್ನು ತುಂಬಿಕೊಡುವುದು ಸ್ನಾಯುವಿನಲ್ಲಿ ಕ್ರಿಯೇಟಿನ್‌ನಿಂದಲೇ ಆಗುವ ಫಾಸ್ಫೋಕ್ರಿಯೇಟಿನ್. ಅದೂ ಪೂರ್ತಿ ಬಲದ ಕೆಲಸದಲ್ಲಿ ಹತ್ತು ಸೆಕೆಂಡ್ ಆಸುಪಾಸಿಗೆ ಹೆಚ್ಚು ಕಮ್ಮಿ ಬರಿದಾಗುತ್ತದೆ. ಆಮೇಲೆ ನಾವು ಕೂತು ಸುಧಾರಿಸಿಕೊಳ್ಳುವಾಗ, ರಕ್ತದಲ್ಲಿ ಬರುವ ಆಮ್ಲಜನಕದ ಸಹಾಯದಿಂದ ಮತ್ತೆ ತುಂಬಿಕೊಳ್ಳುತ್ತದೆ. ಹೊರಗಿನಿಂದ ಕ್ರಿಯೇಟಿನ್ ತಗೊಂಡರೆ ಈ ಸಂಗ್ರಹ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ. ಬೆರಳಿಗೆ ಅದು ನೇರವಾಗಿ ಹೊಸ ಬಲ ಕೊಡುವುದಿಲ್ಲ.

ಈಗ ತಮ್ಮನ ಕ್ರಾಸ್ ನೋಡಿ. ಎರಡು ಸೆಕೆಂಡಿನ ಒಂದೇ ಹಿಡಿತ. ಅಷ್ಟಕ್ಕೆ ಅವನ ಹಳೆಯ ಸಂಗ್ರಹವೇ ಬೇಕಾದಷ್ಟಿತ್ತು. ದೊಡ್ಡ ಸಂಗ್ರಹದಿಂದ ಅಲ್ಲಿ ಲಾಭ ತೀರಾ ಕಡಿಮೆ. ಆದರೆ ಮೈಗೆ ಸೇರಿದ ಒಂದೂವರೆ ಕೆಜಿಗೂ ಹೆಚ್ಚಿನ ತೂಕವನ್ನು ಚಾಚಿದ ಕೈಗಳ ಮೇಲೆ ಹೊರಬೇಕಾಯಿತು. ಲಾಭ ಸಿಗುವುದಾದರೆ ಅಭ್ಯಾಸದಲ್ಲಿ ಸಿಗಬೇಕಿತ್ತು. ದಿನಕ್ಕೆ ಆರು ಒಳ್ಳೆಯ ಕ್ರಾಸ್ ಮಾಡುತ್ತಿದ್ದವನು ಎಂಟು ಮಾಡಿದರೆ, ಅಂಥ ಎರಡು ತಿಂಗಳು ಕಳೆದರೆ, ಆಗ ಭುಜಕ್ಕೆ ನಿಜವಾದ ಬಲ ಬರುತ್ತಿತ್ತು. ಎಂಟು ದಿನದಲ್ಲಿ ಅವನಿಗೆ ಬಂದದ್ದು ತೂಕ ಮಾತ್ರ.

ನನ್ನ ಬಂಡೆಯ ಕಥೆ ಇದಕ್ಕೆ ತದ್ವಿರುದ್ಧ ಅಲ್ವಾ? ನನಗೆ ಬೇಕಿದ್ದದ್ದೇ ಮೂರನೆಯ, ನಾಲ್ಕನೆಯ ಪ್ರಯತ್ನ.

ತೂಕದ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟಿದ್ದು 1996ರಲ್ಲಿ ಹಲ್ಟ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ. ಕೆಲವರಿಗೆ ದಿನಕ್ಕೆ 20 ಗ್ರಾಂನಂತೆ 6 ದಿನ ಕೊಟ್ಟರು. ಇನ್ನು ಕೆಲವರಿಗೆ ದಿನಕ್ಕೆ ಬರೀ 3 ಗ್ರಾಂನಂತೆ 28 ದಿನ ಕೊಟ್ಟರು. ಸ್ನಾಯುವಿನಲ್ಲಿ ಕ್ರಿಯೇಟಿನ್ ಹೆಚ್ಚಿದ್ದು ಎರಡೂ ಕಡೆ ಹೆಚ್ಚು ಕಮ್ಮಿ ಒಂದೇ, ಶೇಕಡ 20ರಷ್ಟು. ಲೋಡಿಂಗ್‌ನಿಂದ ಬೇಗ ತಲುಪುತ್ತೇವೆ, ಹೆಚ್ಚು ದೂರ ತಲುಪುವುದಿಲ್ಲ. ಮೊದಲ ವಾರದಲ್ಲೇ ಧಡ್ ಅಂತ ಏರುವ ತೂಕ, ಹೊಟ್ಟೆಯ ತೊಂದರೆ, ಇವೆಲ್ಲ ಹೆಚ್ಚಾಗಿ ಲೋಡಿಂಗ್‌ನ ಜೊತೆಗಾರರು. ನಿಲ್ಲಿಸಿದ ಮೇಲೂ ಆ ಸಂಗ್ರಹ ಹಳೆಯ ಮಟ್ಟಕ್ಕೆ ಇಳಿಯಲು ಸುಮಾರು ನಾಲ್ಕು ವಾರ ಬೇಕು. ತಮ್ಮ ಎರಡು ದಿನದಲ್ಲಿ ಇಳಿಯಲಿ ಅಂತ ಕಾದದ್ದು ಯಾಕೆ ಫಲಿಸಲಿಲ್ಲ ಅನ್ನುವುದು ಅಲ್ಲಿ ಗೊತ್ತಾಯಿತು.

ಇನ್ನೊಂದು ಕಾರಣವೂ ಇತ್ತು. ನಮ್ಮದು ಸಸ್ಯಾಹಾರಿ ಮನೆ. ಕ್ರಿಯೇಟಿನ್ ಊಟದಿಂದ ಬರುವುದು ಮಾಂಸ, ಮೀನಿನಿಂದ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಟ್ಟು, ಇದರಲ್ಲೆಲ್ಲ ಅದು ಇಲ್ಲವೇ ಇಲ್ಲ ಅನ್ನಬಹುದು. ಹಾಲಿನಲ್ಲಿ ಚೂರೇ ಚೂರು. ದೇಹ ತಾನೇ ದಿನಕ್ಕೆ ಒಂದು ಗ್ರಾಂನಷ್ಟು ಮಾಡಿಕೊಳ್ಳುತ್ತದೆ, ಅದರಲ್ಲೇ ನಡೆಯುತ್ತದೆ. ಆದ್ದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸಂಗ್ರಹ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ತಗೊಂಡಾಗ ವ್ಯತ್ಯಾಸವೂ ಜಾಸ್ತಿ ಕಾಣುತ್ತದೆ. ಮೊದಲೇ ತುಂಬಿರುವವರಿಗೆ ಅಷ್ಟು ಕಾಣುವುದಿಲ್ಲ.

ಆದರೂ ನಾನು ಮರುದಿನವೇ ಶುರು ಮಾಡಲಿಲ್ಲ. ಮೊದಲು ಒಂದು ತಿಂಗಳು ಸುಮ್ನೆ ತೂಕ ನೋಡಿಕೊಂಡೆ. ದಿನಾ ಬೆಳಿಗ್ಗೆ ಎದ್ದು, ಶೌಚಾಲಯಕ್ಕೆ ಹೋಗಿ ಬಂದು, ಏನೂ ಕುಡಿಯುವ ಮೊದಲು. ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸ ಆಗಿತ್ತು ಅಂತ ಈಗ ಅನಿಸುತ್ತದೆ. ಯಾಕೆಂದರೆ ಏನೂ ತಗೊಳ್ಳದೆಯೇ ನನ್ನ ತೂಕ ಒಂದು ತಿಂಗಳಲ್ಲಿ ಮೇಲೆ ಕೆಳಗೆ ಒಂದು ಕೆಜಿಗಿಂತ ಹೆಚ್ಚು ಓಡಾಡುತ್ತದೆ ಅಂತ ಗೊತ್ತಾಯಿತು. ಮುಟ್ಟಿಗೆ ಮೊದಲಿನ ವಾರ ಸರಾಸರಿ 54.8 ಇತ್ತು. ಇಡೀ ತಿಂಗಳ ಸರಾಸರಿ 54.2. ಇದು ಗೊತ್ತಿಲ್ಲದೆ ಶುರು ಮಾಡಿದ್ದರೆ ಮುಟ್ಟಿನ ನೀರನ್ನೆಲ್ಲ ಕ್ರಿಯೇಟಿನ್ ತಲೆಗೆ ಕಟ್ಟಿ ಎರಡನೇ ವಾರಕ್ಕೇ ಬಿಟ್ಟುಬಿಡುತ್ತಿದ್ದೆ.

ಬಲ ಅಳೆಯಲು ಮನೆಯ ಬಾಗಿಲ ಮೇಲೆ ಹಾಕಿಸಿಕೊಂಡಿರುವ ಹ್ಯಾಂಗ್‌ಬೋರ್ಡ್ ಇದೆ. 20 ಮಿಲಿಮೀಟರ್ ಅಂಚಿನಲ್ಲಿ ಎರಡೂ ಕೈ ಹಾಕಿ, ಸೊಂಟಕ್ಕೆ ಭಾರ ಕಟ್ಟಿಕೊಂಡು, ಹತ್ತು ಸೆಕೆಂಡ್ ನೇತಾಡುವುದು. ಹದಿನಾಲ್ಕು ಕೆಜಿ ಕಟ್ಟಿಕೊಂಡರೆ ಹತ್ತು ಸೆಕೆಂಡ್ ಸರಿಯಾಗಿ ಮುಟ್ಟುತ್ತಿತ್ತು. ನಾಲ್ಕು ತಿಂಗಳಿಂದ ಅಲ್ಲೇ ನಿಂತಿದ್ದೆ. ಅದರ ಜೊತೆ ಇನ್ನೊಂದು ಪರೀಕ್ಷೆ ಸೇರಿಸಿದೆ. ಅದೇ ಹದಿನಾಲ್ಕು ಕೆಜಿಯಲ್ಲಿ ಐದು ಸಲ, ನಡುವೆ ಎರಡೇ ನಿಮಿಷ ವಿಶ್ರಾಂತಿ. ನೋಟ್‌ಬುಕ್ಕಿನಲ್ಲಿ ಬರೆದದ್ದು ಹೀಗಿದೆ: 10, 10, 8, 6, 4 ಸೆಕೆಂಡ್. ನನ್ನ ಬಂಡೆಯ ಬೆಳಿಗ್ಗೆಯ ಚಿತ್ರವೇ ಈ ಐದು ಅಂಕಿಗಳಲ್ಲಿತ್ತು.

ಪುಡಿ ತರುವಾಗ ಬೇರೆ ಬೇರೆ ಹೆಸರಿನವು ಕಂಡವು. ಹೈಡ್ರೋಕ್ಲೋರೈಡ್, ಈಥೈಲ್ ಎಸ್ಟರ್, ಹತ್ತು ಪದಾರ್ಥ ಬೆರೆಸಿದ ಮಿಶ್ರಣಗಳು. ನಾನು ತಂದದ್ದು ಬರೀ ಕ್ರಿಯೇಟಿನ್ ಮೊನೊಹೈಡ್ರೇಟ್. ಅತಿ ಹೆಚ್ಚು ಅಧ್ಯಯನ ಆಗಿರುವುದು ಅದರ ಮೇಲೆ, ಅದಕ್ಕಿಂತ ಉಳಿದವು ಮೇಲು ಅಂತ ಸಾಬೀತಾಗಿಲ್ಲ. ಡಬ್ಬದಲ್ಲಿ ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರು ಇರಬೇಕು, ಎಫ್‌ಎಸ್‌ಎಸ್‌ಎಐ ಪರವಾನಗಿ ನಂಬರ್ ಇರಬೇಕು ಅಂತ ನೋಡಿದೆ. ಸ್ಪರ್ಧೆಗೆ ಹೋಗುವ ತಮ್ಮನಂಥವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕ್ರಿಯೇಟಿನ್ ನಿಷೇಧಿತ ವಸ್ತು ಅಲ್ಲ. ಆದರೆ ಡಬ್ಬದಲ್ಲಿ ಬೇರೇನಾದರೂ ಬೆರೆತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಆಟಗಾರನದ್ದೇ. ಹಾಗಾಗಿ ನಿಷೇಧಿತ ವಸ್ತು ಇಲ್ಲ ಅಂತ ಬ್ಯಾಚ್ ಬ್ಯಾಚ್‌ಗೂ ಹೊರಗಿನವರು ಪರೀಕ್ಷೆ ಮಾಡಿದ ಪುಡಿಯನ್ನೇ ಅವರು ಹುಡುಕಬೇಕು.

ಡಬ್ಬ ಕಂಡ ಕೂಡಲೇ ಅಮ್ಮ ಕೇಳಿದ್ದು, "ಇದು ಸ್ಟಿರಾಯ್ಡ್ ಅಲ್ವೇನೇ?" ಅಂತ. ಅಲ್ಲಮ್ಮ, ಮಾಂಸದಲ್ಲಿ ಇರೋದೇ ಇದು ಅಂದೆ. ಆಗ ಇನ್ನೂ ದೊಡ್ಡ ಗಾಬರಿ ಆಯಿತು ಅವರಿಗೆ. ಪುಡಿಯನ್ನು ಪ್ರಾಣಿಯಿಂದ ತೆಗೆಯುವುದಿಲ್ಲ, ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ಮಾಡುತ್ತಾರೆ ಅಂತ ವಿವರಿಸಿ ಹೇಳಿದ ಮೇಲೆ ಸಮಾಧಾನ ಆಯಿತು.

ಡಬ್ಬದೊಳಗೆ ಒಂದು ಪ್ಲಾಸ್ಟಿಕ್ ಚಮಚ ಇತ್ತು. ನನಗೆ ಮೂರು ಗ್ರಾಂ ಬೇಕು. ಆ ಚಮಚಕ್ಕೆ ಎಷ್ಟು ಹಿಡಿಯುತ್ತದೆ ಅನ್ನುವುದು ತಿಳಿಯಲಿಲ್ಲ. ಮನೆಯ ಅಡುಗೆ ತಕ್ಕಡಿ ಒಂದೆರಡು ಗ್ರಾಂಗೆ ಅಲ್ಲಾಡುವುದೂ ಇಲ್ಲ. ನಮ್ಮ ಬೀದಿ ಕೊನೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರ ಅಂಗಡಿ ಇದೆ. ಒಂದು ಸಂಜೆ ಡಬ್ಬ ಹಿಡಿದುಕೊಂಡು ಅಲ್ಲಿಗೇ ಹೋದೆ. "ಏನಮ್ಮ ಇದು, ಭಸ್ಮಾನಾ?" ಅಂತ ಕೇಳಿದರು. ಆಮೇಲೆ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲೆ ಒಂದು ಚೂರು ಬೆಣ್ಣೆ ಕಾಗದ ಇಟ್ಟು, ಸೊನ್ನೆ ಮಾಡಿ, ನನ್ನ ಕಡೆ ತಿರುಗಿಸಿದರು. ಚಮಚದ ತುಂಬಾ ಗೋಪುರದ ಹಾಗೆ ತೆಗೆದರೆ 4.6 ಗ್ರಾಂ ಬಂತು. ಚಾಕುವಿನ ಬೆನ್ನಿಂದ ಸಮ ಮಾಡಿ ತೆಗೆದರೆ 3.1. ಮೂರು ಸಲ ತೂಗಿದರು, ಮೂರು ಸಲವೂ ಆಸುಪಾಸು ಅಷ್ಟೇ. ಅಂದಿನಿಂದ ಸಮ ಮಾಡಿದ ಒಂದು ಚಮಚ ನನ್ನ ಅಳತೆ.

ಕುಡಿಯುವುದಕ್ಕೂ ಒಂದು ಹದ ಇದೆ. ಮೊದಲ ದಿನ ತಣ್ಣೀರಿಗೆ ಹಾಕಿ ಕಲಕಿದೆ. ಕುಡಿದ ಮೇಲೆ ಲೋಟದ ತಳದಲ್ಲಿ ಬಿಳಿ ಮರಳಿನ ಹಾಗೆ ಕೂತಿತ್ತು, ಹಲ್ಲಿಗೆ ಕರಕರ ಅನ್ನುತ್ತಿತ್ತು. ತಣ್ಣೀರಿನಲ್ಲಿ ಅದು ಬೇಗ ಕರಗುವುದಿಲ್ಲ. ಮರುದಿನ ಒಂದು ಲೋಟ ಬೆಚ್ಚಗಿನ ನೀರು ತಗೊಂಡೆ. ಅರ್ಧ ನಿಮಿಷ ಕಲಕುವುದರಲ್ಲಿ ನೀರು ತಿಳಿಯಾಯಿತು, ತಳದಲ್ಲಿ ಏನೂ ಉಳಿಯಲಿಲ್ಲ. ರುಚಿ ಅಂತ ಏನೂ ಇಲ್ಲ. ಕಲಸಿ ಫ್ಲಾಸ್ಕಿನಲ್ಲಿಟ್ಟು ದಿನವಿಡೀ ಕುಡಿಯುವುದು ಬೇಡ. ನೀರಿನಲ್ಲಿ ನಿಂತರೆ ಅದು ನಿಧಾನಕ್ಕೆ ಕ್ರಿಯೇಟಿನಿನ್ ಅನ್ನುವ ಬೇರೆ ವಸ್ತುವಾಗಿ ಒಡೆಯುತ್ತದೆ, ಹುಳಿ ಇದ್ದರೆ ಇನ್ನೂ ಬೇಗ. ನಿಂಬೆ ಪಾನಕದಲ್ಲಿ ಕಲಸಿಡುವುದು ಇದೇ ಕಾರಣಕ್ಕೆ ಬೇಡ. ಯಾವ ಹೊತ್ತಿನಲ್ಲಿ ಕುಡಿಯಬೇಕು ಅನ್ನುವುದು ಅಷ್ಟು ಮುಖ್ಯ ಅಲ್ಲ, ದಿನ ತಪ್ಪಿಸಬಾರದು. ನಾನು ಬೆಳಗಿನ ತಿಂಡಿ ಆದ ಮೇಲೆ ಕುಡಿದು, ಆಮೇಲೆ ನನ್ನ ಫಿಲ್ಟರ್ ಕಾಫಿ ಕುಡಿಯುತ್ತಿದ್ದೆ. ಹಾಸನದವರಿಗೆ ಕಾಫಿ ಬಿಡು ಅಂದರೆ ಆಗುವ ಮಾತಲ್ಲ, ಬಿಡಬೇಕಾಗಿಯೂ ಬರಲಿಲ್ಲ.

ಮೊದಲ ವಾರ ತೂಕದಲ್ಲಿ ಏನೂ ಇಲ್ಲ. ಸರಾಸರಿ 54.3. ಎರಡನೇ ವಾರ 55.1 ಬಂತು. ಒಂದು ಬೆಳಿಗ್ಗೆಯಂತೂ ತಕ್ಕಡಿ 55.6 ತೋರಿಸಿತು. ಗೊತ್ತಿದ್ದೂ ಎದೆ ಧಸಕ್ ಅಂತು. ಆ ದಿನ ರಾತ್ರಿ ಊಟ ಬಿಡೋಣ ಅನಿಸಿತು. ಹತ್ತುವವರಿಗೆ, ಜಿಮ್ನಾಸ್ಟಿಕ್ಸ್ ಮಾಡುವವರಿಗೆ ಈ ಅಭ್ಯಾಸ ಬಹಳ ಬೇಗ ಅಂಟುತ್ತದೆ, ನನಗೂ ಒಂದು ಕಾಲದಲ್ಲಿ ಇತ್ತು. ನೋಟ್‌ಬುಕ್ ತೆಗೆದು ಹಿಂದಿನ ತಿಂಗಳ ಅದೇ ವಾರ ನೋಡಿದೆ. ಆಗ 54.8 ಇತ್ತು. ಅಂದರೆ ನಿಜವಾಗಿ ಹೆಚ್ಚಿದ್ದು ಮುನ್ನೂರು ಗ್ರಾಂ ಮಾತ್ರ. ಊಟ ಮಾಡಿ ಮಲಗಿದೆ. ಮುಂದಿನ ವಾರ ಸರಾಸರಿ 54.5ಕ್ಕೆ ಇಳಿಯಿತು.

ಎರಡನೇ ತಿಂಗಳು ಪೂರ್ತಿಯ ಸರಾಸರಿ 54.8. ಶುರು ಮಾಡುವ ಮೊದಲಿನ ತಿಂಗಳಿಗಿಂತ ಆರುನೂರು ಗ್ರಾಂ ಹೆಚ್ಚು. ಅದರಲ್ಲಿ ಬಹುಪಾಲು ಸ್ನಾಯುವಿನ ಜೀವಕೋಶದೊಳಗೆ ಕ್ರಿಯೇಟಿನ್ ಜೊತೆ ಸೇರುವ ನೀರೇ ಇರಬೇಕು. ಅಲ್ಲಿಂದ ಮುಂದೆ ಏರಲಿಲ್ಲ.

ಈ ಆರುನೂರು ಗ್ರಾಂಗೆ ನಾನು ಏನು ಬೆಲೆ ಕೊಟ್ಟೆ, ಏನು ಪಡೆದೆ ಅನ್ನುವುದನ್ನು ಲೆಕ್ಕ ಹಾಕಿ ನೋಡಬೇಕಿತ್ತು. ಬಂಡೆ ಹತ್ತುವಾಗ, ಸೊಂಟಕ್ಕೆ ಎಷ್ಟು ಭಾರ ಕಟ್ಟಿದ್ದೆ ಅನ್ನುವುದು ಬೇಕಿಲ್ಲ. ನನ್ನ ಬೆರಳು ನನ್ನ ಮೈತೂಕದ ಎಷ್ಟು ಪಟ್ಟು ಹೊರುತ್ತದೆ ಅನ್ನುವುದು ಬೇಕು. ಮೊದಲು ಮೈ 54.2, ಭಾರ 14, ಒಟ್ಟು 68.2. ಅದನ್ನು 54.2ರಿಂದ ಭಾಗಿಸಿದರೆ 1.26 ಪಟ್ಟು. ಅಂದರೆ ಮೈಗೆ ಒಂದು ಕೆಜಿ ಸೇರಿದರೆ ಬೆರಳಿಗೆ ಒಂದೂಕಾಲು ಕೆಜಿಯಷ್ಟು ಬಲ ಸೇರಬೇಕು, ಆಗ ನಾನು ಇದ್ದಲ್ಲೇ ಇರುತ್ತೇನೆ. ಆರುನೂರು ಗ್ರಾಂಗೆ ಮುಕ್ಕಾಲು ಕೆಜಿ ಬಲ ಬೇಕು. ಅದಕ್ಕಿಂತ ಕಡಿಮೆ ಬಂದರೆ ನಷ್ಟ, ಹೆಚ್ಚು ಬಂದರೆ ಲಾಭ.

ಎಂಟನೇ ವಾರದ ಕೊನೆಯಲ್ಲಿ ಹದಿನೇಳು ಕೆಜಿ ಕಟ್ಟಿಕೊಂಡು ಹತ್ತು ಸೆಕೆಂಡ್ ನಿಂತೆ. ಮೈ 54.8, ಒಟ್ಟು 71.8. ಅಂದರೆ 1.31 ಪಟ್ಟು. ಮುಕ್ಕಾಲು ಕೆಜಿ ಬೇಕಿದ್ದ ಕಡೆ ಮೂರು ಕೆಜಿ ಆರುನೂರು ಗ್ರಾಂ ಬಂದಿತ್ತು.

ಇದೆಲ್ಲ ಪುಡಿಯದ್ದೇ ಅಂತ ನಾನು ಹೇಳುವುದಿಲ್ಲ. ಆ ಎರಡು ತಿಂಗಳು ನಾನು ಬೋರ್ಡ್ ಮೇಲೆ ಅಭ್ಯಾಸವನ್ನೂ ಹೆಚ್ಚಿಸಿದ್ದೆ. ಆದರೆ ಅಭ್ಯಾಸ ಹೆಚ್ಚಿಸಲು ಸಾಧ್ಯವಾದದ್ದು ಹೇಗೆ ಅನ್ನುವುದು ಇನ್ನೊಂದು ಪರೀಕ್ಷೆಯಲ್ಲಿದೆ. ಅದೇ ಹದಿನಾಲ್ಕು ಕೆಜಿ, ಅದೇ ಎರಡು ನಿಮಿಷದ ವಿಶ್ರಾಂತಿ. ನಾಲ್ಕನೇ ವಾರದ ಕೊನೆಗೇ ಅಂಕಿಗಳು ಬದಲಾಗಿದ್ದವು: 10, 10, 10, 8, 6. ಎಂಟನೇ ವಾರಕ್ಕೆ 10, 10, 10, 10, 8. ಮೊದಲ ಸಲದ ನೇತಾಟದಲ್ಲಿ ನನಗೆ ಯಾವ ವ್ಯತ್ಯಾಸವೂ ಅನಿಸಲಿಲ್ಲ. ವ್ಯತ್ಯಾಸ ಇದ್ದದ್ದೆಲ್ಲ ಮೂರನೆಯದರಿಂದ ಆಚೆಗೆ.

ಒಂದು ಎಚ್ಚರಿಕೆ ನಾನು ಪಾಲಿಸಿದ್ದು ಸರಿಯಾಯಿತು. ಎರಡು ವಾರಕ್ಕೆ ಒಂದು ಕೆಜಿಗಿಂತ ಹೆಚ್ಚು ಭಾರ ಏರಿಸಬಾರದು ಅಂತ ಇಟ್ಟುಕೊಂಡಿದ್ದೆ. ಬೆರಳಿನ ಸ್ನಾಯುರಜ್ಜುಗಳನ್ನು ಮೂಳೆಗೆ ಅಂಟಿಸಿ ಹಿಡಿಯುವ ಪಟ್ಟಿಗಳಿರುತ್ತವೆ, ಅವನ್ನು ಪುಲ್ಲಿ ಅನ್ನುತ್ತಾರೆ. ಸ್ನಾಯು ಬಲವಾಗುವಷ್ಟು ಬೇಗ ಅವು ಬಲವಾಗುವುದಿಲ್ಲ, ಕ್ರಿಯೇಟಿನ್ ಅವಕ್ಕೆ ಏನೂ ಮಾಡುವುದೂ ಇಲ್ಲ. ಏಳನೇ ವಾರದಲ್ಲಿ ಎಡಗೈ ಉಂಗುರ ಬೆರಳಿನ ಬುಡದಲ್ಲಿ, ಅಂಗೈ ಕಡೆ, ಒತ್ತಿದರೆ ಚುಳ್ ಅನ್ನುವ ನೋವು ಬಂತು. ಆರು ದಿನ ಬೋರ್ಡ್ ಮುಟ್ಟಲಿಲ್ಲ. ಒತ್ತಿದರೂ ನೋವಿಲ್ಲ ಅಂದಾದ ಮೇಲೆ ಭಾರ ಇಲ್ಲದೆ ಶುರು ಮಾಡಿದೆ. ಇನ್ನೊಂದು ಸಲ ಮಾಡಬಲ್ಲೆ ಅನ್ನುವ ಹುರುಪು ಬಂದಾಗಲೇ ಬೆರಳು ಮುರಿದುಕೊಳ್ಳುವವರು ಜಾಸ್ತಿ.

ಮೂರನೇ ತಿಂಗಳಲ್ಲಿ ಇನ್ನೊಂದು ಗಾಬರಿ. ಶಾಲೆಯಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸಿದರು. ನನ್ನ ವರದಿಯಲ್ಲಿ ಸೀರಮ್ ಕ್ರಿಯೇಟಿನಿನ್ 1.2 ಇತ್ತು, ಪಕ್ಕದಲ್ಲಿ ದಪ್ಪ ಅಕ್ಷರದ ಗುರುತು. ಹಿಂದಿನ ವರ್ಷ 0.8 ಇತ್ತು. ತಪಾಸಣೆಗೆ ಬಂದಿದ್ದ ಡಾಕ್ಟರು "ಕಿಡ್ನಿ ಕಡೆ ನೋಡಿಸಿಕೊಳ್ಳಿ ಮೇಡಂ" ಅಂದರು. ನಾನು ತಕ್ಷಣ ಪುಡಿಯ ವಿಷಯ ಹೇಳಲಿಲ್ಲ, ಅದು ನನ್ನ ತಪ್ಪು.

ನಮ್ಮ ಮನೆಯವರನ್ನೆಲ್ಲ ನೋಡುವ ಡಾಕ್ಟರ ಹತ್ತಿರ ಹೋಗಿ ಡಬ್ಬವನ್ನೇ ಮೇಜಿನ ಮೇಲಿಟ್ಟೆ. ಅವರು ವಿವರಿಸಿದರು. ಕ್ರಿಯೇಟಿನ್ ದೇಹದಲ್ಲಿ ಒಡೆದು ಆಗುವುದೇ ಕ್ರಿಯೇಟಿನಿನ್. ಹೆಸರು ಹತ್ತಿರ ಇರುವುದು ಅದಕ್ಕೇ. ಅದನ್ನು ಕಿಡ್ನಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತರೆ ಅದು ರಕ್ತದಲ್ಲಿ ಏರುತ್ತದೆ. ಆದರೆ ಹೊರಗಿನಿಂದ ಜಾಸ್ತಿ ಹಾಕಿದರೂ, ಕಿಡ್ನಿ ಚೆನ್ನಾಗಿದ್ದೇ, ಸ್ವಲ್ಪ ಏರಬಹುದು. ಹಿಂದಿನ ದಿನ ಮೈ ಮುರಿದು ವ್ಯಾಯಾಮ ಮಾಡಿದ್ದರೂ ಏರಬಹುದು. ನಾನು ಹಿಂದಿನ ಸಂಜೆ ಒಂದೂವರೆ ಗಂಟೆ ಬೋರ್ಡ್ ಮೇಲಿದ್ದೆ. "ಹಾಗಂತ ಇದು ಪುಡಿಯದ್ದೇ ಅಂತ ಊಹೆ ಮಾಡಿ ಬಿಡೋದು ಬೇಡ, ನೋಡೇ ಬಿಡೋಣ" ಅಂದು ಸಿಸ್ಟಾಟಿನ್ ಸಿ ಅನ್ನುವ ಪರೀಕ್ಷೆ ಬರೆದುಕೊಟ್ಟರು. ಕಿಡ್ನಿ ಕೆಲಸವನ್ನೇ ಅದು ಬೇರೆ ದಾರಿಯಲ್ಲಿ ಅಳೆಯುತ್ತದೆ, ಕ್ರಿಯೇಟಿನ್ ತಿಂದದ್ದರಿಂದ ಏರುವುದಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಯೂ ಆಯಿತು. ಎರಡೂ ಸರಿಯಾಗಿ ಬಂದವು. ಮೂರು ದಿನ ಕಾದ ಆ ಸಮಯದಲ್ಲಿ ನಾನು ಪುಡಿ ಮುಟ್ಟಿರಲಿಲ್ಲ.

ಇದನ್ನು ಓದುವವರಲ್ಲಿ ಯಾರಾದರೂ ಶುರು ಮಾಡುವುದಿದ್ದರೆ ಮೊದಲೇ ಒಂದು ಸಲ ಕ್ರಿಯೇಟಿನಿನ್ ನೋಡಿಸಿ ಇಟ್ಟುಕೊಳ್ಳಿ. ನನಗೆ ಹಿಂದಿನ ವರ್ಷದ ಅಂಕಿ ಇದ್ದದ್ದು ಅದೃಷ್ಟ. ಕಿಡ್ನಿ ತೊಂದರೆ ಮೊದಲೇ ಇರುವವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಜಿಮ್ನಾಸ್ಟಿಕ್ಸ್ ಮಾಡುವವರಲ್ಲಿ ಬಹಳಷ್ಟು ಜನ ಹನ್ನೆರಡು, ಹದಿನಾಲ್ಕು ವಯಸ್ಸಿನ ಮಕ್ಕಳು. ಬೆಳೆಯುವ ಮಕ್ಕಳಿಗೆ ತಂದೆ ತಾಯಿ, ಕೋಚ್ ಸೇರಿಕೊಂಡು ಡಬ್ಬ ಕೊಡಿಸುವುದು ನನಗೆ ಒಪ್ಪಿಗೆ ಇಲ್ಲ. ಆ ವಯಸ್ಸಿನಲ್ಲಿ ಬೇಕಾದ್ದು ಹೊಟ್ಟೆ ತುಂಬ ಊಟ.

ಪುಡಿ ಕೈಕೊಟ್ಟ ಜಾಗವನ್ನೂ ಹೇಳಬೇಕು. ಜನವರಿಯಲ್ಲಿ ಬಾದಾಮಿಗೆ ಹೋಗಿದ್ದೆವು. ಅಲ್ಲಿಯ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಹತ್ತುವ ಉದ್ದದ ದಾರಿಗಳಿವೆ. ಇಪ್ಪತ್ತು ಮೀಟರ್‌ಗೂ ಮೇಲಿನ ಒಂದರಲ್ಲಿ ನಾನು ಹಿಂದಿನ ವರ್ಷ ಮುಕ್ಕಾಲು ಭಾಗದಲ್ಲಿ ಮೊಣಕೈ ಕೆಳಗಿನ ಸ್ನಾಯು ಕಲ್ಲಾಗಿ ಬಿದ್ದಿದ್ದೆ. ಈ ಸಲವೂ ಅಲ್ಲೇ ಬಿದ್ದೆ. ಒಂದು ಹಿಡಿತ ಮೇಲೂ ಇಲ್ಲ, ಕೆಳಗೂ ಇಲ್ಲ.

ಯೋಚಿಸಿದರೆ ಅದು ಹಾಗೇ ಆಗಬೇಕಿತ್ತು. ಆ ದಾರಿ ಹತ್ತಲು ನನಗೆ ಆರೇಳು ನಿಮಿಷ ಬೇಕು. ಹೆಚ್ಚಿನ ಸಂಗ್ರಹ ಕೊಡುವ ಸಹಾಯ ಕೆಲವು ಸೆಕೆಂಡಿನದ್ದು. ಅದು ಮತ್ತೆ ತುಂಬಲು ಆಮ್ಲಜನಕ ಬೇಕು, ಆದರೆ ಬೆರಳು ಬಿಗಿ ಹಿಡಿದಿರುವಷ್ಟು ಹೊತ್ತು ಮುಂಗೈಯ ರಕ್ತನಾಳಗಳು ಅದುಮಿಕೊಂಡಿರುತ್ತವೆ. ರಕ್ತ ಹರಿಯದೆ ಸಂಗ್ರಹ ತುಂಬುವುದಿಲ್ಲ. ಆರುನೂರು ಗ್ರಾಂ ಮಾತ್ರ ಕೆಳಗಿನಿಂದ ಮೇಲಿನವರೆಗೂ ಜೊತೆಗೆ ಬರುತ್ತದೆ. ಉದ್ದದ ದಾರಿಗಳೇ ಗುರಿಯಾಗಿರುವವರು ಈ ಪುಡಿಯಿಂದ ಬೋರ್ಡ್ ಅಭ್ಯಾಸದ ತಿಂಗಳುಗಳಲ್ಲಿ ಲಾಭ ಪಡೆಯಬಹುದು. ಹಗುರಾಗಿ ಹತ್ತಬೇಕು ಅಂದರೆ ಪ್ರವಾಸಕ್ಕೆ ಒಂದು ತಿಂಗಳು ಮೊದಲೇ ನಿಲ್ಲಿಸಬೇಕು. ಹಿಂದಿನ ವಾರ ನಿಲ್ಲಿಸಿದರೆ ಏನೂ ಆಗುವುದಿಲ್ಲ.

ಬಾದಾಮಿಯಿಂದ ಬಂದ ಮೇಲಿನ ಎರಡನೇ ಭಾನುವಾರ ಅರಸೀಕೆರೆ ಕಡೆಯ ಗುಂಡಿಗೆ ಹೋದೆ. ಬೆಳಿಗ್ಗೆ ಏಳು ಗಂಟೆ, ಕಲ್ಲು ಇನ್ನೂ ತಣ್ಣಗಿತ್ತು. ಮೊದಲ ಪ್ರಯತ್ನ ಆರನೆಯ ಹಿಡಿತ ಮುಟ್ಟಿ ಬಿದ್ದೆ. ಎರಡನೆಯದೂ ಹಾಗೇ. ಐದು ನಿಮಿಷ ಕೂತು ಬೆರಳಿನ ಚಾಕ್ ಉಜ್ಜಿ ತೆಗೆದು ಹೊಸದು ಹಚ್ಚಿದೆ. ಮೂರನೆಯದರಲ್ಲಿ ಬೆರಳು ಐದನೆಯ ಅಂಚಿನಲ್ಲಿ ಕೂತೇ ಇತ್ತು, ಕಾಲು ಜಾರಿತು. ನಾಲ್ಕನೆಯದರಲ್ಲಿ ಬಲಗೈ ಮೇಲೆ ಹೋಗಿ ನಾಲ್ಕೂ ಬೆರಳು ಹಿಡಿತದೊಳಗೆ ಇಳಿದವು. ಮೈ ಒಂದು ಸಲ ತೂಗಿ ನಿಂತಿತು. ಏಳನೆಯದು ದೊಡ್ಡ ಹಿಡಿತ, ಅದಾದ ಮೇಲೆ ಗುಂಡಿನ ನೆತ್ತಿ.

ತಮ್ಮ ಈಗ ಮತ್ತೆ ಶುರು ಮಾಡಿದ್ದಾನೆ. ಮುಂದಿನ ಸ್ಪರ್ಧೆಗೆ ಐದು ತಿಂಗಳಿದೆ. ರಿಂಗ್ಸ್‌ನಲ್ಲಿ ದಿನಕ್ಕೆ ಎಷ್ಟು ಕ್ರಾಸ್ ಎರಡು ಸೆಕೆಂಡ್ ದಾಟುತ್ತವೆ ಅಂತ ಬರೆದಿಡುತ್ತಿದ್ದಾನೆ, ಪಕ್ಕದಲ್ಲಿ ವಾರದ ಸರಾಸರಿ ತೂಕ. ಸ್ಪರ್ಧೆಗೆ ಐದು ವಾರ ಮೊದಲು ನಿಲ್ಲಿಸುವುದೋ ಮುಂದುವರಿಸುವುದೋ ಅಂತ ಆ ಎರಡು ಸಾಲು ನೋಡಿ ತೀರ್ಮಾನ ಮಾಡುತ್ತಾನಂತೆ. ಮೊನ್ನೆ ಹಾಸನಕ್ಕೆ ಬಂದಾಗ ಅವನ ಚಮಚವನ್ನೂ ಆಚಾರ್ರ ಅಂಗಡಿಗೆ ತಗೊಂಡು ಹೋಗಿ ತೂಗಿಸಿದೆವು. ಅವನದು ಬೇರೆ ಕಂಪನಿ ಡಬ್ಬ, ಸಮ ಮಾಡಿದ ಚಮಚಕ್ಕೆ 5.2 ಗ್ರಾಂ ಬಂತು. ಆಚಾರ್ರು ಪೆನ್ನಿನಿಂದ ಚಮಚದ ಒಳಗೆ ಮೂರು ಗ್ರಾಂ ಬರುವ ಕಡೆ ಒಂದು ಗೆರೆ ಎಳೆದು ಕೊಟ್ಟರು.